ಬಿಪಿ ಇದ್ದವರು ನೆಗಡಿ ಮಾತ್ರೆ ಕೊಳ್ಳುವುದು ಹೇಗೆ?

ಚಳಿ ಶುರುವಾದರೆ ಬೆಂಗಳೂರಿನ ಮೆಡಿಕಲ್ ಶಾಪ್‌ಗಳಲ್ಲಿ ಒಂದೇ ಮಾತು: "ಮೂಗು ಕಟ್ಟಿದೆ, ಏನಾದ್ರೂ ಕೊಡಿ." ಬಿಪಿ ಇದೆ ಅಂತ ಯಾರೂ ಹೇಳುವುದಿಲ್ಲ. ಅದನ್ನು ಮೊದಲು ಹೇಳಿ.

ಆಮೇಲೆ ಸ್ಟ್ರಿಪ್ ತಿರುಗಿಸಿ. ಎಲ್ಲರೂ ಎಡವುವುದು ಇಲ್ಲೇ. ಬ್ರ್ಯಾಂಡ್ ಹೆಸರು ದಪ್ಪಕ್ಷರದಲ್ಲಿರುತ್ತದೆ, ಒಳಗೇನಿದೆ ಎಂಬುದು ಹಿಂಬದಿಯ ಸಣ್ಣಕ್ಷರದಲ್ಲಿ. ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಹುಡುಕಬೇಕಾದ್ದು ಸೂಡೋಎಫೆಡ್ರಿನ್. ಇಂಗ್ಲಿಷ್‌ನಲ್ಲಿ ಇದು ಪಿ ಅಕ್ಷರದಿಂದ ಶುರುವಾಗುತ್ತದೆ, ಎಸ್ ಹುಡುಕಿದರೆ ಸಿಗುವುದಿಲ್ಲ. ಅಲರ್ಜಿ ಮಾತ್ರೆಯ ಹೆಸರಿನ ಕೊನೆಗೆ 'ಡಿ' ಇದ್ದರೆ ಇನ್ನೂ ಹುಷಾರು. ಅಂಥ ಕೆಲವು ಮಾತ್ರೆಗಳಲ್ಲಿ ಒಂದರಲ್ಲೇ 120 ಮಿಲಿಗ್ರಾಂ ಇರುತ್ತದೆ.

ಈ ಔಷಧಿ ಮೂಗಿನ ಒಳಗಿನ ರಕ್ತನಾಳಗಳನ್ನು ಬಿಗಿ ಮಾಡಿ ಊತ ಇಳಿಸುತ್ತದೆ. ಆದರೆ ನುಂಗಿದ ಮಾತ್ರೆ ಮೂಗಿಗಷ್ಟೇ ಹೋಗುವುದಿಲ್ಲ. ಮೈಯೆಲ್ಲ ರಕ್ತನಾಳ ಬಿಗಿಯಾಗಿ, ಹೃದಯದ ಬಡಿತವೂ ಏರುತ್ತದೆ. ಸರಾಸರಿ ಲೆಕ್ಕದಲ್ಲಿ ಮೇಲಿನ ಬಿಪಿ 1ರಷ್ಟು, ಬಡಿತ ನಿಮಿಷಕ್ಕೆ 3ರಷ್ಟು ಜಾಸ್ತಿ, ಅಷ್ಟೇ. ಕೆಲವರಿಗೆ ಮಾತ್ರ ತುಂಬಾ ಏರುತ್ತದೆ. ಬಿಪಿ ಹತೋಟಿಯಲ್ಲಿಲ್ಲದವರು ಇದನ್ನು ಮುಟ್ಟಲೇಬಾರದು.

ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಆಮ್ಲೋಡಿಪಿನ್ ನುಂಗಿದರೆ ಬಿಪಿ 130/80ರ ಆಸುಪಾಸು ಇರುತ್ತಿತ್ತು. ಬೆಳಿಗ್ಗೆ, ರಾತ್ರಿ ಒಂದೊಂದು 'ಡಿ' ಮಾತ್ರೆ, ಮಧ್ಯೆ ಇನ್ನೊಂದು ನೆಗಡಿ ಮಾತ್ರೆ. ನಿದ್ದೆ ಬರಲಿಲ್ಲ, ಎದೆ ಡವಡವ. ಅಳೆದರೆ 158/94, ನಾಡಿ 104. ಡಾಕ್ಟರ್‌ಗೆ ಫೋನ್ ಮಾಡಿ, ಅವರು ಹೇಳಿದಂತೆ ನೆಗಡಿ ಮಾತ್ರೆ ಎರಡನ್ನೂ ಬಿಟ್ಟರು, ಬಿಪಿ ಮಾತ್ರೆ ಬಿಡಲಿಲ್ಲ. ಎರಡು ದಿನದಲ್ಲಿ ಬಿಪಿ ಮೊದಲಿನ ಹಾಗಾಯಿತು. ಹೀಗೆ ಏರಿದಾಗ ಎದೆನೋವೋ, ತಡೆಯಲಾರದ ತಲೆನೋವೋ, ಕಣ್ಣು ಮಂಜೋ ಇದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

"ಹಾಗಾದ್ರೆ ಫಿನೈಲೆಫ್ರಿನ್ ಇರೋದು ತಗೊಳ್ಲಾ?" ಅಂತ ಕೇಳುತ್ತಾರೆ. ಬೇಡ. ಅದೂ ಅದೇ ಜಾತಿಯದು. ಮೇಲಾಗಿ ನುಂಗಿದರೆ ಕಟ್ಟಿದ ಮೂಗು ಬಿಡಿಸುವುದಿಲ್ಲ ಎಂದು ಅಮೆರಿಕದ ಔಷಧ ಇಲಾಖೆಯ ತಜ್ಞರ ಸಮಿತಿ 2023ರಲ್ಲೇ ಹೇಳಿದೆ. ಸುಮ್ನೆ ದುಡ್ಡು ದಂಡ.

ನನ್ನ ಆಯ್ಕೆ ಉಪ್ಪುನೀರಿನಿಂದ ಮೂಗು ತೊಳೆಯುವುದು. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ನಲ್ಲಿ ನೀರು, ಬೋರ್‌ವೆಲ್ ನೀರು ಹಾಗೇ ಹಾಕಬೇಡಿ. ಅದರಲ್ಲಿ ರೋಗಾಣು ಇರಬಹುದು. ಇಷ್ಟೆಲ್ಲ ಬೇಡ ಅಂದರೆ ಅಂಗಡಿಯ ಸಲೈನ್ ಡ್ರಾಪ್ಸ್ ಸಾಕು.

ಧೂಳಿನ ಅಲರ್ಜಿಗೆ ಬರೀ ಸೆಟಿರಿಜಿನ್ ಸಾಕು, 'ಡಿ' ಬೇಡ. ತಿಂಗಳುಗಟ್ಟಲೆ ಕಾಡುವವರು ಡಾಕ್ಟರನ್ನು ಕೇಳಿ ಸ್ಟೀರಾಯ್ಡ್ ಸ್ಪ್ರೇ ಬಳಸಬಹುದು. ಅದರ ಪೂರ್ತಿ ಗುಣ ಕಾಣಲು ಕೆಲವು ದಿನ ಬೇಕು. ಮೂಗಿನ ನಡುಗೋಡೆಗಲ್ಲ, ಕಿವಿಯ ಕಡೆಗೆ ತಿರುಗಿಸಿ ಹೊಡೆಯಿರಿ. ಇಲ್ಲದಿದ್ದರೆ ರಕ್ತ ಬರಬಹುದು.

ಕೂಡಲೇ ಮೂಗು ಬಿಡಿಸುವ ಜೈಲೋಮೆಟಾಜೋಲಿನ್ ಹನಿಯನ್ನೂ ಬಿಪಿ ಇದ್ದವರು ಕೇಳದೆ ಹಾಕಬಾರದು. ಡಾಕ್ಟರ್ ಸರಿ ಅಂದರೂ ಮೂರು ದಿನಕ್ಕೆ ನಿಲ್ಲಿಸಿ. ಎಳೆದುಕೊಂಡು ಹೋದರೆ ಹನಿ ಇಲ್ಲದೆ ಮೂಗು ಬಿಡುವುದೇ ಇಲ್ಲ.