ಲೆಕ್ಕಕ್ಕೆ ಬಾರದ ಗ್ಯಾಸ್ ಮಾತ್ರೆ

ಚಿಂತಾಮಣಿಯ ನನ್ನ ಕ್ಲಿನಿಕ್‌ಗೆ ಬಂದ ಆ ಅಮ್ಮನಿಗೆ ಅರವತ್ತೆರಡು ವರ್ಷ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ರೆಪ್ಪೆ ಅದುರುತ್ತದೆ, ಬೆರಳು ಜುಮುಗುಟ್ಟುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಇತ್ತು. ಎರಡು ತಿಂಗಳು ಕ್ಯಾಲ್ಸಿಯಂ ಮಾತ್ರೆ ಕೊಟ್ಟೆ. ಅದು ಕದಲಲೇ ಇಲ್ಲ.

ಬೇರೆ ಯಾವ ಮಾತ್ರೆ ಎಂದು ಕೇಳಿದಾಗ, "ಬೀಪಿಯದು ಒಂದೇ, ಡಾಕ್ಟ್ರೇ" ಎಂದಿದ್ದರು. ಚೀಲ ತರಲು ಹೇಳಿದೆ. ಅದರಲ್ಲಿ ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ ಇತ್ತು. "ಅದು ಗ್ಯಾಸಿಗೆ. ಔಷಧಿ ಅಲ್ಲವಲ್ಲ?" ಮಂಡಿನೋವಿನ ಮಾತ್ರೆಯ ಜೊತೆಗೆ ಯಾರೋ ಬರೆದುಕೊಟ್ಟಿದ್ದರು. ನೋವಿನ ಮಾತ್ರೆ ನಿಂತಿತ್ತು, ಇದು ಆರು ವರ್ಷದಿಂದ ನಡೆದೇ ಇತ್ತು.

ಆಗ ಮೆಗ್ನೀಸಿಯಂ ಪರೀಕ್ಷೆ ಮಾಡಿಸಿದೆ, ಮೊದಲೇ ಮಾಡಿಸಬೇಕಿತ್ತು. 1.1 ಬಂತು, ಸುಮಾರು 1.7ಕ್ಕಿಂತ ಮೇಲಿರಬೇಕು. ಈ ಗುಂಪಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಕೆಲವರ ಕರುಳು ಮೆಗ್ನೀಸಿಯಂ ಹೀರುವುದು ತಗ್ಗುತ್ತದೆ. ಮೆಗ್ನೀಸಿಯಂ ತೀರಾ ಇಳಿದರೆ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಸರಿಯಾಗಿ ಸ್ರವಿಸುವುದಿಲ್ಲ, ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ನಿಲ್ಲುವುದಿಲ್ಲ. ಅವರ ಬೀಪಿ ಮಾತ್ರೆಯೂ ಮೂತ್ರ ಹೆಚ್ಚಿಸುವ ಬಗೆಯದು; ಅದೂ ಮೆಗ್ನೀಸಿಯಂ ಕಳೆಯುತ್ತದೆ.

ಇಸಿಜಿ ಮತ್ತು ಕಿಡ್ನಿ ಪರೀಕ್ಷೆ ಸರಿಯಿದ್ದುದರಿಂದ ಮೆಗ್ನೀಸಿಯಂ ಮಾತ್ರೆ ಕೊಟ್ಟು, ಬೀಪಿ ಮಾತ್ರೆ ಬದಲಿಸಿ, ಪ್ಯಾಂಟೊಪ್ರಜೋಲ್ ನಿಲ್ಲಿಸಿದೆ. ಅದನ್ನು ನಿಲ್ಲಿಸದೆ ಮೆಗ್ನೀಸಿಯಂ ಕೊಡುವುದು ಎಷ್ಟೋ ಸಲ ತೂತು ಬಿಂದಿಗೆಗೆ ನೀರು ತುಂಬಿದಂತೆ. ಬದಲಿಗೆ ಫ್ಯಾಮೊಟಿಡಿನ್ 20 ಮಿ.ಗ್ರಾಂ, ದಿನಕ್ಕೆರಡು ಸಲ. ಅದು ಆಮ್ಲವನ್ನು ತಗ್ಗಿಸಿದರೂ ಮೆಗ್ನೀಸಿಯಂ ತಂಟೆಗೆ ಹೋಗುವುದಿಲ್ಲ. ನಿಲ್ಲಿಸಿದ ಮೇಲೆ ಕೆಲವು ವಾರ ಎದೆಯುರಿ ಹೆಚ್ಚಬಹುದು, ಅದು ಹಳೆಯ ರೋಗ ಮರಳಿದ್ದಲ್ಲ, ತಡೆಹಿಡಿದಿದ್ದ ಆಮ್ಲ ಉಕ್ಕುವುದು ಎಂದು ಮೊದಲೇ ಹೇಳಿದ್ದೆ. ಐದನೆಯ ದಿನ ಫೋನ್ ಬಂತು, ಆದರೆ ತಡೆದುಕೊಂಡರು. ಎರಡು ವಾರಕ್ಕೆ ಮೆಗ್ನೀಸಿಯಂ 1.8, ಕ್ಯಾಲ್ಸಿಯಂ ತಾನಾಗಿಯೇ ಏರಿತು.

ಕಬ್ಬಿಣವೂ ಬಿ12 ಕೂಡ ಕಡಿಮೆಯೇ ಇದ್ದವು. ರಾಗಿ, ಸೊಪ್ಪಿನ ಕಬ್ಬಿಣ ಕರಗಲು ಜಠರದ ಆಮ್ಲ ಬೇಕು. ಆದರೂ ಈ ವಯಸ್ಸಿನಲ್ಲಿ ಕಬ್ಬಿಣ ಕಡಿಮೆಯಾದರೆ ಮಾತ್ರೆಯ ಮೇಲೆ ದೂರು ಹೊರಿಸಿ ಕೂರಬಾರದು. ಕರುಳಿನಲ್ಲಿ ಎಲ್ಲೂ ರಕ್ತ ಸೋರುತ್ತಿಲ್ಲವೆಂದು ಎಂಡೋಸ್ಕೊಪಿ, ಕೊಲೊನೊಸ್ಕೊಪಿ ಮಾಡಿಸಿ ಖಚಿತಪಡಿಸಿಕೊಂಡೆ. ಹಾಲು, ಮೊಟ್ಟೆಯ ಪ್ರೋಟೀನಿಗೆ ಅಂಟಿಕೊಂಡ ಬಿ12 ಬಿಡಿಸಿಕೊಳ್ಳಲೂ ಆಮ್ಲವೇ ಬೇಕು. ಯಕೃತ್ತಿನ ದಾಸ್ತಾನು ವರ್ಷಗಟ್ಟಲೆ ಬರುವುದರಿಂದ ಕೊರತೆ ತಡವಾಗಿ ತಿಳಿಯುತ್ತದೆ. ಮಾತ್ರೆಯ ಬಿ12 ಬಿಡಿಯಾಗಿಯೇ ಇರುವುದರಿಂದ ದಿನಕ್ಕೆ 1000 ಮೈಕ್ರೊಗ್ರಾಂ ಸಾಕಾಯಿತು.

ಅವರ ಯಜಮಾನರೂ ಬಂದು, ತಮ್ಮ ಗ್ಯಾಸ್ ಮಾತ್ರೆಯನ್ನೂ ಬಿಡಿಸಿ ಎಂದರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುಮಾಡುವ ಎರಡು ಮಾತ್ರೆ ನುಂಗುವವರು; ಹಿಂದೊಮ್ಮೆ ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿತ್ತು. ಅವರದನ್ನು ನಿಲ್ಲಿಸಲಿಲ್ಲ. ವರ್ಷಕ್ಕೊಮ್ಮೆ ಮೆಗ್ನೀಸಿಯಂ ನೋಡೋಣ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.