ಸ್ಟೇಟಸ್ ಕಾಲಮ್‌ನಲ್ಲಿ ಯಾರೂ ಪಾಸ್ ಅಂತ ಟೈಪ್ ಮಾಡಬಾರದು: ನನ್ನ ಅನುಭವ

ನಮ್ಮ ಟೆಸ್ಟ್ ಕೇಸ್ ಶೀಟ್‌ನಲ್ಲಿ ಈಗ ಪಾಸ್ ಅಥವಾ ಫೇಲ್ ಅಂತ ಯಾರೂ ಕೈಯಿಂದ ಬರೆಯುವುದಿಲ್ಲ. ಟೆಸ್ಟರ್ ಪರದೆಯಲ್ಲಿ ಕಂಡದ್ದನ್ನು ಕಂಡಹಾಗೇ ಬರೆಯುತ್ತಾರೆ, ಅಷ್ಟೇ. ಅದು ಸರಿಯೋ ತಪ್ಪೋ ಅಂತ ಫಾರ್ಮುಲಾ ಹೇಳುತ್ತದೆ. ಮೊದಲು ನಾನು ಈ ಮಾತು ಎತ್ತಿದಾಗ ಲೀಡ್ ಒಪ್ಪಲಿಲ್ಲ. "ಡ್ರಾಪ್‌ಡೌನ್‌ನಲ್ಲಿ ಒಂದು ಕ್ಲಿಕ್ ಮಾಡಿದರೆ ಮುಗಿಯುವ ಕೆಲಸಕ್ಕೆ ಇಷ್ಟು ಟೈಪ್ ಮಾಡಬೇಕಾ?" ಅಂದರು. ಈಗ ಪಕ್ಕದ ಟೀಮ್‌ನವರೂ ನನ್ನ ಶೀಟ್ ಕಾಪಿ ತೆಗೆದುಕೊಂಡು ಹೋಗಿದ್ದಾರೆ.

ಇದು ಶುರುವಾದದ್ದು ಒಂದು ಕೂಪನ್‌ನಿಂದ. ನಿಯಮ ಸರಳ. 500 ಅಥವಾ ಜಾಸ್ತಿ ಮೊತ್ತದ ಆರ್ಡರ್‌ಗೆ 10% ರಿಯಾಯಿತಿ, ಗರಿಷ್ಠ 100. ಎರಡು ದಶಮಾಂಶಕ್ಕೆ ರೌಂಡ್ ಮಾಡುವಾಗ ಅರ್ಧ ಬಂದರೆ ಮೇಲಕ್ಕೆ. ಹಳೆಯ ಶೀಟ್‌ನಲ್ಲಿ ಇನ್‌ಪುಟ್ 600 ಇತ್ತು. ಎಕ್ಸ್‌ಪೆಕ್ಟೆಡ್ ರಿಸಲ್ಟ್ ಜಾಗದಲ್ಲಿ "ರಿಯಾಯಿತಿ ಸರಿಯಾಗಿ ಬರಬೇಕು" ಅಂತ ಬರೆದಿತ್ತು. ಪ್ರತಿ ಬಿಲ್ಡ್‌ನಲ್ಲೂ ಆ ಸಾಲು ಹಸಿರು.

ಆಮೇಲೆ ಕ್ಲೈಂಟ್‌ನ ಅಕೌಂಟ್ಸ್ ವಿಭಾಗದಿಂದ ದೂರು ಬಂತು. ಕೆಲವು ಆರ್ಡರ್‌ಗಳಲ್ಲಿ ಬಿಲ್‌ನ ಮೊತ್ತಕ್ಕೂ ಪೇಮೆಂಟ್ ದಾಖಲೆಗೂ 0.01 ವ್ಯತ್ಯಾಸ. ಮೊತ್ತ ಚಿಕ್ಕದು, ಆದರೆ ಲೆಕ್ಕ ತಾಳೆಯಾಗದ ಆರ್ಡರ್‌ಗಳನ್ನೆಲ್ಲ ಅವರು ಕೈಯಿಂದ ಹುಡುಕಬೇಕಾಯಿತು. ನಮ್ಮದು ಫಿಕ್ಸೆಡ್ ಪ್ರೈಸ್ ಕಾಂಟ್ರ್ಯಾಕ್ಟ್. ತಿದ್ದುವುದು, ಪೂರ್ತಿ ರಿಗ್ರೆಷನ್ ಓಡಿಸುವುದು, ಮತ್ತೆ ರಿಲೀಸ್ ಮಾಡುವುದು, ಎಲ್ಲ ನಮ್ಮ ಖರ್ಚಿನಲ್ಲೇ. ನನ್ನ ಅಂದಾಜಿನಲ್ಲಿ ಆ ತಿಂಗಳ ಬಿಲ್ಲಿಂಗ್‌ನ ಕಾಲು ಭಾಗ ಇದಕ್ಕೇ ಹೋಯಿತು. ಒಂದು ಕಂತಿನ ಹಣವನ್ನೂ ಅವರು ತಡೆಹಿಡಿದರು.

ಕಾರಣ ಇಷ್ಟೇ. ರಿಯಾಯಿತಿಯ ಲೆಕ್ಕ ಎರಡು ಕಡೆ ನಡೆಯುತ್ತಿತ್ತು. ಬಿಲ್ಲಿಂಗ್ ಕೋಡ್ ಅರ್ಧ ಬಂದರೆ ಮೇಲಕ್ಕೆ ಒಯ್ಯುತ್ತಿತ್ತು. ಪೇಮೆಂಟ್ ಮಾಡ್ಯೂಲ್ ಹತ್ತಿರದ ಸಮ ಅಂಕಿಗೆ ಒಯ್ಯುತ್ತಿತ್ತು. ಹಲವು ಭಾಷೆಗಳ ರೌಂಡ್ ಫಂಕ್ಷನ್ ಡಿಫಾಲ್ಟ್ ಆಗಿ ಮಾಡುವುದು ಇದನ್ನೇ. 600ಕ್ಕೆ ಎರಡೂ 60.00 ಅನ್ನುತ್ತವೆ. 555.55ಕ್ಕೆ ರಿಯಾಯಿತಿ 55.555 ಬರುತ್ತದೆ, ಆದರೆ ಅಲ್ಲೂ ಎರಡೂ 55.56 ಅನ್ನುತ್ತವೆ. 500.45 ಹಾಕಿದರೆ ಮಾತ್ರ ಬಣ್ಣ ಬಯಲು. ರಿಯಾಯಿತಿ 50.045. ಒಂದು 50.05 ಅನ್ನುತ್ತದೆ, ಇನ್ನೊಂದು 50.04. ಕೊನೆಯ 5ರ ಹಿಂದಿನ ಅಂಕಿ ಸಮವಾಗಿದ್ದರೆ ಮಾತ್ರ ಈ ದೋಷ ಕಾಣುತ್ತದೆ. ಸುಮ್ನೆ ದಶಮಾಂಶ ಇರುವ ಯಾವುದೋ ಸಂಖ್ಯೆ ಹಾಕಿದರೆ ಸಿಗುವುದಿಲ್ಲ.

ಹಾಗಾಗಿ ಮೊದಲು ಎಕ್ಸ್‌ಪೆಕ್ಟೆಡ್ ಕಾಲಮ್ ಬದಲಾಯಿಸಿದೆ. ಬಿಲ್ಡ್ ಬರುವ ಮೊದಲೇ, ರಿಕ್ವೈರ್‌ಮೆಂಟ್ ನೋಡಿ, ಕೈಲೆಕ್ಕ ಹಾಕಿ ನಿಖರ ಮೌಲ್ಯ ಬರೆಯಬೇಕು. ಬರೆದ ಮೇಲೆ ಆ ಕಾಲಮ್ ಲಾಕ್. "ಸರಿಯಾಗಿ" ಅನ್ನುವ ಪದ ಅಲ್ಲಿ ಕಂಡರೆ ಆ ಸಾಲನ್ನು ರಿವ್ಯೂನಲ್ಲೇ ವಾಪಸ್ ಕಳಿಸುತ್ತೇನೆ. ಪೇಮೆಂಟ್ ದಾಖಲೆಯ ರಿಯಾಯಿತಿಗೆ ಬರೆದ ಸಾಲುಗಳು ಹೀಗಿದ್ದವು:

| ಇನ್‌ಪುಟ್ | ಎಕ್ಸ್‌ಪೆಕ್ಟೆಡ್ | ಆಕ್ಚುಯಲ್ | ಸ್ಟೇಟಸ್ |
|---|---|---|---|
| 499.99 | 0.00 | 0.00 | Pass |
| 500.00 | 50.00 | 50.00 | Pass |
| 500.45 | 50.05 | 50.04 | Fail |
| 1000.00 | 100.00 | 100.00 | Pass |
| 1005.00 | 100.00 | 100.00 | Pass |

ಸ್ಟೆಪ್ಸ್ ಎಲ್ಲ ಸಾಲಿಗೂ ಒಂದೇ, ಅದಕ್ಕೆ ಇಲ್ಲಿ ಬಿಟ್ಟಿದ್ದೇನೆ.

ಇನ್ನು ಫಾರ್ಮುಲಾ. D ಎಕ್ಸ್‌ಪೆಕ್ಟೆಡ್, E ಆಕ್ಚುಯಲ್, F ಟೆಸ್ಟ್ ನಡೆಸಲು ಆಗದಿದ್ದರೆ ಅದಕ್ಕೆ ಕಾರಣ.

```
=IF(F2<>"","Blocked",IF(E2="","Not Run",
 IF(EXACT(TRIM(D2),TRIM(E2)),"Pass","Fail")))
```

ಇದು ಮೊದಲ ಸಲಕ್ಕೇ ಕೆಲಸ ಮಾಡಲಿಲ್ಲ. ಶುರುವಿನಲ್ಲಿ EXACT ಬದಲು ಬರೀ ಸಮ ಚಿಹ್ನೆ ಇತ್ತು. ಅದು ದೊಡ್ಡಕ್ಷರ, ಚಿಕ್ಕಕ್ಷರ ನೋಡುವುದಿಲ್ಲ. ಕೂಪನ್ ಕೋಡ್ ಚಿಕ್ಕಕ್ಷರದಲ್ಲಿ ತೋರಿಸಿದ ಬಿಲ್ಡ್ ಕೂಡ ಪಾಸ್ ಆಯಿತು. ಆಮೇಲೆ 50.10 ಟೈಪ್ ಮಾಡಿದರೆ ಶೀಟ್ ಅದನ್ನು 50.1 ಮಾಡುತ್ತಿತ್ತು. ಒಂದು ಕಾಲಮ್‌ನಲ್ಲಿ ಟೆಕ್ಸ್ಟ್, ಇನ್ನೊಂದರಲ್ಲಿ ಸಂಖ್ಯೆ ಇದ್ದರೆ ಸರಿಯಾದ ಸಾಲೂ ಫೇಲ್. D ಮತ್ತು E ಎರಡನ್ನೂ, ಏನೂ ಬರೆಯುವ ಮೊದಲೇ, ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಹಾಕಿದೆ. ಸ್ಟೇಟಸ್ ಕಾಲಮ್ ಮಾತ್ರ ಜನರಲ್ ಆಗಿರಲಿ. ಅದನ್ನೂ ಟೆಕ್ಸ್ಟ್ ಮಾಡಿದರೆ ಉತ್ತರದ ಬದಲು ಫಾರ್ಮುಲಾವೇ ಕಾಣುತ್ತದೆ.

ಜಾಸ್ತಿ ತಲೆ ತಿಂದದ್ದು ಬೇರೆ. ಎರಡೂ ಕಡೆ ಕಣ್ಣಿಗೆ ಒಂದೇ ಥರ ಕಾಣುವ ಎರರ್ ಮೆಸೇಜ್, ಆದರೆ ಸ್ಟೇಟಸ್ ಫೇಲ್. LEN ಹಾಕಿದರೆ ಉದ್ದವೂ ಒಂದೇ. ವೆಬ್ ಪುಟದಿಂದ ಕಾಪಿ ಮಾಡಿದಾಗ ಸಾಮಾನ್ಯ ಸ್ಪೇಸ್ ಬದಲು ನಾನ್-ಬ್ರೇಕಿಂಗ್ ಸ್ಪೇಸ್ ಬಂದಿತ್ತು. TRIM ಅದನ್ನು ಮುಟ್ಟುವುದಿಲ್ಲ. E2 ಇರುವ ಕಡೆ ಇದನ್ನು ಹಾಕಿದ ಮೇಲೆ ಸರಿಹೋಯಿತು:

```
SUBSTITUTE(E2,UNICHAR(160)," ")
```

ಒಂದು ಮಿತಿ ನೆನಪಿರಲಿ. TRIM ಮಧ್ಯದ ಜೋಡಿ ಸ್ಪೇಸನ್ನೂ ಒಂದಾಗಿಸುತ್ತದೆ. ಮೆಸೇಜ್‌ನೊಳಗಿನ ಸ್ಪೇಸ್ ಮುಖ್ಯವಾಗುವ ಸಾಲುಗಳಿಗೆ TRIM ಇಲ್ಲದ ಫಾರ್ಮುಲಾ ಬೇಕು.

ಆಮೇಲೆ ಜನರ ಸಮಸ್ಯೆ. ಎಕ್ಸ್‌ಪೆಕ್ಟೆಡ್ ಕಾಲಮ್ ಎಳೆದು ಆಕ್ಚುಯಲ್‌ಗೆ ಪೇಸ್ಟ್ ಮಾಡಿದರೆ ಇಡೀ ಶೀಟ್ ಹಸಿರಾಗುತ್ತದೆ, ಅಲ್ವಾ? ಟೆಸ್ಟ್ ಓಡಿಸುವವರ ಕಾಪಿಯಲ್ಲಿ D ಕಾಲಮ್ ಇರುವುದೇ ಇಲ್ಲ. ಅವರು ಬರೆದ E ಮೇಲೆ ಫಾರ್ಮುಲಾ ಓಡುವುದು ನನ್ನ ಕಾಪಿಯಲ್ಲಿ. ಉತ್ತರ ಗೊತ್ತಿಲ್ಲದೆ ನೋಡಿದಾಗ ಕಣ್ಣು ನಿಜವಾಗಿ ಓದುತ್ತದೆ. 50.04 ಅನ್ನು 50.05 ಅಂತ ಓದಿಕೊಂಡು ಮುಂದೆ ಹೋಗುವುದು ಇದರಿಂದಲೇ ನಿಂತಿತು. ಅಂದಾಜಿನಲ್ಲಿ ತುಂಬಿದವರನ್ನು ಹಿಡಿಯಲು ಇನ್ನೊಂದು ಉಪಾಯವೂ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಗೊತ್ತಾದರೆ ಅದು ನಡೆಯುವುದಿಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ಶೀಟ್‌ನ ಸಾಲುಗಳನ್ನು ಕಲಸಿ ಬೇರೆ ಕ್ರಮದಲ್ಲಿ ಓಡಿಸಲು ಕೊಟ್ಟೆ. ಬಿಲ್ಡ್ ಅದೇ, ಆದರೆ ಹತ್ತರಲ್ಲಿ ಒಂದೆರಡು ಸಾಲು ಫೇಲ್. ಕೂಪನ್ ಒಬ್ಬ ಗ್ರಾಹಕರಿಗೆ ಒಂದೇ ಸಲ ಸಿಗುತ್ತದೆ. ಮೇಲಿನ ಸಾಲೊಂದು ಅದನ್ನು ಬಳಸಿಬಿಟ್ಟರೆ ಕೆಳಗಿನ ಸಾಲಿಗೆ ಉಳಿಯುವುದಿಲ್ಲ. ಹಳೆಯ ಕ್ರಮದಲ್ಲಿ ಇದು ಮುಚ್ಚಿಹೋಗಿತ್ತು. ಈಗ ಪ್ರತಿ ಸಾಲಿಗೂ ಅದರದೇ ಟೆಸ್ಟ್ ಯೂಸರ್ ಇದ್ದಾರೆ, ಆ ಹೆಸರು ಇನ್‌ಪುಟ್ ಕಾಲಮ್‌ನಲ್ಲೇ ಇರುತ್ತದೆ.

ಲೀಡ್ ಒಪ್ಪಿದ್ದು ಇನ್ನೊಂದು ಪ್ರಯೋಗದಿಂದ. ಒಬ್ಬ ಡೆವಲಪರ್‌ಗೆ ಹೇಳಿ ಬಿಲ್ಡ್‌ನಲ್ಲಿ ಬೇಕಂತಲೇ ಕೆಲವು ತಪ್ಪು ಸೇರಿಸಿದೆವು. 500ಕ್ಕೆ "ಅಥವಾ ಜಾಸ್ತಿ" ಬದಲು ಬರೀ "ಜಾಸ್ತಿ", ಗರಿಷ್ಠ ಮಿತಿ ತೆಗೆದದ್ದು, ರೌಂಡಿಂಗ್ ಬದಲಿಸಿದ್ದು, ಹೀಗೆ. ಹಳೆಯ ಶೀಟ್ ಹಿಡಿದದ್ದು ಅರ್ಧಕ್ಕಿಂತ ಕಡಿಮೆ. ನನ್ನದು ಒಂದನ್ನು ಬಿಟ್ಟು ಎಲ್ಲವನ್ನೂ ಹಿಡಿಯಿತು. ಆ ಒಂದು ರದ್ದಾದ ಆರ್ಡರ್‌ಗೆ ಸಂಬಂಧಿಸಿದ್ದು, ಅದಕ್ಕೆ ಸಾಲೇ ಇರಲಿಲ್ಲ.

ಖರ್ಚಿನ ಮಾತು. ಮೊದಲ ಸುತ್ತಿಗೆ ಸುಮಾರು ಒಂದೂವರೆ ಪಟ್ಟು ಸಮಯ ಬೇಕು. ಹೆಚ್ಚಿನದು ಕೈಲೆಕ್ಕಕ್ಕೆ ಹೋಗುತ್ತದೆ. ಎರಡನೇ ಬಿಲ್ಡ್‌ನಿಂದ E ಮತ್ತು F ಖಾಲಿ ಮಾಡಿ ಹೊಸ ಟ್ಯಾಬ್‌ನಲ್ಲಿ ಓಡಿಸುತ್ತೇವೆ. ಟ್ಯಾಬ್‌ಗೆ ಬಿಲ್ಡ್ ನಂಬರಿನದೇ ಹೆಸರು. ಆಗ ಹೆಚ್ಚುವರಿ ಸಮಯ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಡಿಫೆಕ್ಟ್ ಮೀಟಿಂಗ್‌ನಲ್ಲಿ "ನನ್ನ ಮಷೀನ್‌ನಲ್ಲಿ ಸರಿ ಇದೆ" ಅನ್ನುವ ವಾದ ಶುರುವಾದರೆ ಆಕ್ಚುಯಲ್ ಕಾಲಮ್ ತೋರಿಸಿದರೆ ಸಾಕು.

ಬಟನ್ ಜಾಗ, ಬಣ್ಣ, ಅಕ್ಷರ ಕತ್ತರಿಸಿಹೋಗುವುದು, ಇವಕ್ಕೆ ಈ ಫಾರ್ಮುಲಾ ಆಗುವುದಿಲ್ಲ. ಅಂಥ ಸಾಲುಗಳನ್ನು ಬೇರೆ ಟ್ಯಾಬ್‌ಗೆ ಹಾಕಿದ್ದೇನೆ. ಅಲ್ಲಿ ಸ್ಟೇಟಸ್ ಕೈಯಿಂದಲೇ, ಆದರೆ ಸ್ಕ್ರೀನ್‌ಶಾಟ್ ಫೈಲ್‌ನ ಹೆಸರಿಲ್ಲದ ಪಾಸ್ ಅನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.