ಪರಿಚಯವಿಲ್ಲದ ಉದ್ಯಮಿಗೆ ಮೊದಲ ಇಮೇಲ್ ಬರೆಯುವುದು ಹೇಗೆ?

ಹೊಸ ಗ್ರಾಹಕರಿಗೆ ಇಮೇಲ್ ಬರೆಯಲು ಕುಳಿತವರು ಸಾಮಾನ್ಯವಾಗಿ ‘ನಾವು ಇಂಥವರು, ಇಷ್ಟು ವರ್ಷಗಳ ಅನುಭವವಿದೆ’ ಎಂದು ಆರಂಭಿಸುತ್ತಾರೆ. ಆದರೆ ಇನ್‌ಬಾಕ್ಸ್‌ನಲ್ಲಿ ವಿಷಯದ ಸಾಲಿನ ಜೊತೆಗೆ ಪತ್ರದ ಮೊದಲ ಕೆಲವು ಪದಗಳೂ ಕಾಣುತ್ತವೆ. ತೆರೆಯಬೇಕೋ ಅಳಿಸಬೇಕೋ ಎಂಬುದು ಹೆಚ್ಚಾಗಿ ಅಲ್ಲೇ ತೀರ್ಮಾನವಾಗುತ್ತದೆ. ಆ ಜಾಗದಲ್ಲಿ ಇರಬೇಕಾದದ್ದು ನಿಮ್ಮ ವಿಷಯವಲ್ಲ, ಅವರದು.

ನೀವು ವೆಬ್‌ಸೈಟ್ ಸರಿಪಡಿಸುವವರು, ಒಬ್ಬ ದಂತವೈದ್ಯರ ಕೆಲಸ ನಿಮಗೆ ಬೇಕು ಎಂದುಕೊಳ್ಳೋಣ. ಬರೆಯುವ ಮೊದಲು ರೋಗಿಯಂತೆ ಅವರ ವೆಬ್‌ಸೈಟನ್ನು ಮೊಬೈಲ್‌ನಲ್ಲಿ ತೆರೆದು, ಅಪಾಯಿಂಟ್‌ಮೆಂಟ್ ಫಾರಂ ತುಂಬಿ ನೋಡಿ. ಹೆಸರು ಬರೆಯುವಾಗ ಮೇಲೆದ್ದ ಕೀಬೋರ್ಡ್ ‘ಕಳುಹಿಸಿ’ ಗುಂಡಿಯನ್ನು ಮುಚ್ಚಿಬಿಡುತ್ತದೆ, ಕೆಳಕ್ಕೆ ಸರಿಸಿದರೂ ಅದು ಸಿಗುವುದಿಲ್ಲ. ನಿಮಗೆ ಬೇಕಾದ ಮೊದಲ ಸಾಲು ಇದೇ. ಈಗ ಬರೆಯಿರಿ:

ವಿಷಯ: ನಿಮ್ಮ ಅಪಾಯಿಂಟ್‌ಮೆಂಟ್ ಫಾರಂ ಬಗ್ಗೆ

ಡಾಕ್ಟರೇ, ನಿಮ್ಮ ಅಪಾಯಿಂಟ್‌ಮೆಂಟ್ ಫಾರಂ ಅನ್ನು ನನ್ನ ಮೊಬೈಲ್‌ನಲ್ಲಿ ತುಂಬಿದೆ. ‘ಕಳುಹಿಸಿ’ ಗುಂಡಿ ಕೀಬೋರ್ಡ್ ಅಡಿಯಲ್ಲಿ ಮುಚ್ಚಿಹೋಗಿ, ಕಳುಹಿಸಲು ಆಗಲಿಲ್ಲ.

ನಾನು ವೆಬ್‌ಸೈಟ್ ದುರಸ್ತಿ ಮಾಡುತ್ತೇನೆ. ಈ ಫಾರಂ ಅನ್ನು ಮೊಬೈಲ್‌ಗೆ ಸರಿಹೊಂದಿಸಿ, ಪರೀಕ್ಷಿಸಿ ಕೊಡಬಲ್ಲೆ.

ತೊಂದರೆ ಎಲ್ಲಿದೆ ಎಂದು ತೋರಿಸುವ ಒಂದು ನಿಮಿಷದ ವಿಡಿಯೊ ಮಾಡಿದ್ದೇನೆ. ಕಳುಹಿಸಲೇ? ಬೇಡವೆಂದರೂ ತಿಳಿಸಿ, ಮತ್ತೆ ಬರೆಯುವುದಿಲ್ಲ.

ಕೆಳಗೆ ನಿಮ್ಮ ಪೂರ್ಣ ಹೆಸರು, ವಿಳಾಸ, ಫೋನ್ ಸಂಖ್ಯೆ ಇರಲಿ. ಅಷ್ಟೇ ಪತ್ರ.

ಮೊದಲ ಸಾಲು ಗಟ್ಟಿಯಾಗಿದೆಯೇ ಎಂದು ತಿಳಿಯಲು, ಇದೇ ಸಾಲನ್ನು ಇನ್ನೊಬ್ಬ ದಂತವೈದ್ಯರಿಗೂ ಕಳುಹಿಸಬಹುದೇ ಎಂದು ಕೇಳಿಕೊಳ್ಳಿ. ‘ನಿಮ್ಮ ವೆಬ್‌ಸೈಟ್ ತುಂಬಾ ಚೆನ್ನಾಗಿದೆ’ ಎಂಬುದನ್ನು ಯಾರಿಗೆ ಬೇಕಾದರೂ ಕಳುಹಿಸಬಹುದು. ಹಾಗಾಗಿ ಅದನ್ನು ಯಾರೂ ನಂಬುವುದಿಲ್ಲ.

ಎಡವುವುದು ಹೆಚ್ಚಾಗಿ ಎರಡನೆಯ ಭಾಗದಲ್ಲಿ. ಫಾರಂ ಜೊತೆಗೆ ಲೋಗೊ, ಜಾಹೀರಾತು, ಫೋಟೊ ಎಲ್ಲವನ್ನೂ ಮಾಡುತ್ತೇವೆ ಎಂದು ಸೇರಿಸುವ ಆಸೆ ಬರುತ್ತದೆ. ಸೇರಿಸಿದರೆ ಓದುವವರು ಆಯ್ಕೆ ಮಾಡುತ್ತಾ ಕೂರಬೇಕು. ಆ ಕೆಲಸವನ್ನು ನಾಳೆಗೆ ತಳ್ಳುತ್ತಾರೆ, ನಾಳೆ ಮರೆಯುತ್ತಾರೆ. ಉಳಿದದ್ದನ್ನು ಮೊದಲ ಕೆಲಸ ಮುಗಿದ ಮೇಲೆ ಹೇಳಿದರಾಯಿತು.

ಕೊನೆಯ ಪ್ರಶ್ನೆಗೆ ‘ಹೌದು’ ಎಂಬ ಒಂದೇ ಪದ ಉತ್ತರವಾಗಬೇಕು. ‘ಅರ್ಧ ಗಂಟೆ ಮಾತನಾಡೋಣವೇ?’ ಎಂದರೆ ಅವರು ಸಮಯ ಹುಡುಕಬೇಕು. ವಿಡಿಯೊವನ್ನು ಮೊದಲ ಪತ್ರಕ್ಕೇ ಲಗತ್ತಿಸಬೇಡಿ. ಅಪರಿಚಿತರ ಲಗತ್ತನ್ನು ತೆರೆಯಲು ಜನ ಹೆದರುತ್ತಾರೆ, ಪತ್ರ ಸ್ಪ್ಯಾಮ್‌ಗೆ ಹೋಗುವ ಸಾಧ್ಯತೆಯೂ ಇದೆ. ಹಳೆಯ ಮಾತುಕತೆ ಇದ್ದಂತೆ ತೋರಿಸಲು ವಿಷಯದ ಸಾಲಿಗೆ Re: ಸೇರಿಸುವವರಿದ್ದಾರೆ. ಅದು ಮೋಸ. ತಿಳಿದ ಕ್ಷಣವೇ ನಂಬಿಕೆ ಹೋಗುತ್ತದೆ.

ನಾಲ್ಕೈದು ದಿನ ಉತ್ತರ ಬಾರದಿದ್ದರೆ ಅದೇ ಪತ್ರಕ್ಕೆ ಮುಂದುವರಿಕೆಯಾಗಿ, ‘ವಿಡಿಯೊ ಇನ್ನೂ ಇದೆ, ಕಳುಹಿಸಲೇ?’ ಎಂದು ಒಮ್ಮೆ ಬರೆಯಿರಿ. ಆಗಲೂ ಮೌನವಾಗಿದ್ದರೆ ಅವರನ್ನು ಬಿಟ್ಟು, ಮುಂದಿನವರ ಫಾರಂ ತುಂಬಲು ಕುಳಿತುಕೊಳ್ಳಿ.